ಏಳನೇ ತಾರೀಖು ಅಂದರೆ ಐದನೇ ತಾರೀಖು

ಕೆಲಸ ಬಿಡುವ ಅಕೌಂಟ್ಸ್‌ನವರು ಬರೆದಿಟ್ಟು ಹೋಗುವ ಹ್ಯಾಂಡೋವರ್ ನೋಟ್ಸ್ ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವು ಒಂದೇ ಥರ ಇರುತ್ತವೆ. ಮೇಲೆ ತಾರೀಖುಗಳ ಪಟ್ಟಿ: ಟಿಡಿಎಸ್ 7, ಜಿಎಸ್‌ಟಿಆರ್-1 ಹನ್ನೊಂದು, ಪಿಎಫ್ ಮತ್ತು ಇಎಸ್‌ಐ 15, ಜಿಎಸ್‌ಟಿಆರ್-3ಬಿ ಇಪ್ಪತ್ತು. ಕೆಳಗೆ ಫೋನ್ ನಂಬರುಗಳು. ಅದರ ಕೆಳಗೆ 'ಪೆಂಡಿಂಗ್ ಕೆಲಸ' ಅಂತ ನಾಲ್ಕು ಸಾಲು. ಇಷ್ಟನ್ನು ಮೇಲ್ ಮಾಡಿ, ಕೊನೆಯ ದಿನ ಕೇಕ್ ಕತ್ತರಿಸಿ ಹೊರಟುಬಿಡುತ್ತಾರೆ.

ಆ ತಾರೀಖುಗಳು ತಪ್ಪಲ್ಲ. ಆದರೆ ಹೊಸಬರಿಗೆ ಅವು ಗೊತ್ತೇ ಇರುತ್ತವೆ, ಗೊತ್ತಿಲ್ಲದಿದ್ದರೆ ಯಾವ ಟ್ಯಾಕ್ಸ್ ಕ್ಯಾಲೆಂಡರ್ ತೆಗೆದರೂ ಸಿಗುತ್ತವೆ. ನಿಮ್ಮ ಆಫೀಸಿನಲ್ಲಿ ಆ ತಾರೀಖನ್ನು ಮುಟ್ಟುವುದು ಹೇಗೆ ಅನ್ನೋದು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ. ಅದು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ, ನಿಮ್ಮ ಜೊತೆಗೇ ಗೇಟು ದಾಟಿ ಹೋಗುತ್ತದೆ.

ಪೀಣ್ಯದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ನಾನು ವರ್ಷಗಟ್ಟಲೆ ಲೆಕ್ಕ ನೋಡಿಕೊಂಡಿದ್ದೆ. ಪಾರ್ಟ್‌ನರ್‌ಶಿಪ್ ಫರ್ಮ್. ಅಕೌಂಟ್ಸ್ ಅಂದರೆ ನಾನು, ಜೊತೆಗೆ ಬಿಲ್ಲು ಹಾಕುವ ಒಬ್ಬ ಹುಡುಗ, ಅಷ್ಟೇ. ಅಲ್ಲಿಂದ ಹೊರಡುವಾಗ ನೋಟ್ಸ್ ಬರೆಯಲು ಕೂತೆ. ಅದರಲ್ಲಿ ಏನು ಬರೆದೆ, ಯಾಕೆ ಬರೆದೆ ಅನ್ನೋದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಕಡೆ ಕೆಲಸ ಬೇರೆ ಇರಬಹುದು, ಆದರೆ ಸಣ್ಣ ಕಾರ್ಖಾನೆಗಳ ಅಕೌಂಟ್ಸ್ ನೋಡುವವರಿಗೆ ಇದರಲ್ಲಿ ತುಂಬಾ ವಿಷಯ ಪರಿಚಯದ್ದೇ ಅನ್ನಿಸುತ್ತದೆ.

ಟಿಡಿಎಸ್‌ನಿಂದಲೇ ಶುರು ಮಾಡೋಣ. ಒಂದು ತಿಂಗಳಲ್ಲಿ ಹಿಡಿದ ಟಿಡಿಎಸ್ ಮುಂದಿನ ತಿಂಗಳ 7ಕ್ಕೆ ಕಟ್ಟಬೇಕು. ಮಾರ್ಚಿನದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ. ಇದು ನಿಯಮ. ನಾನು ನೋಟ್ಸಿನಲ್ಲಿ ಬರೆದದ್ದು ಹೀಗೆ:

> ಟಿಡಿಎಸ್: 5ಕ್ಕೆ ಕಟ್ಟಿ ಮುಗಿಸಬೇಕು. ಬ್ಯಾಂಕಿನಲ್ಲಿ ನಾವು ಪೇಮೆಂಟ್ ಹಾಕಬಹುದು ಅಷ್ಟೇ, ಅಪ್ರೂವಲ್ ದೊಡ್ಡ ಪಾರ್ಟ್‌ನರ್ ಕೊಡಬೇಕು. ತಿಂಗಳ ಮೊದಲ ವಾರ ಅವರು ಹೊಸೂರಿನ ಕಸ್ಟಮರ್ ಹತ್ತಿರ ಹೋಗುತ್ತಾರೆ. ಆ ಫ್ಯಾಕ್ಟರಿ ಒಳಗೆ ಫೋನ್ ಬಿಡುವುದಿಲ್ಲ. 4ರ ಸಂಜೆ ಹಾಕಿಟ್ಟು, 5ರ ಬೆಳಿಗ್ಗೆ 9ರ ಒಳಗೆ ಅವರಿಗೆ ಫೋನ್ ಮಾಡಿ. ಮೆಸೇಜ್ ಸಾಲದು.

7 ಅಂತಷ್ಟೇ ಬರೆದಿದ್ದರೆ ಹೊಸಬರು 7ರ ಮಧ್ಯಾಹ್ನ ಪೇಮೆಂಟ್ ಹಾಕುತ್ತಿದ್ದರು. ಪಾರ್ಟ್‌ನರ್ ಫೋನ್ ಎತ್ತುತ್ತಿರಲಿಲ್ಲ. ಅಪ್ರೂವಲ್ 8ಕ್ಕೆ ಆಗುತ್ತಿತ್ತು. ಒಂದು ದಿನ ತಡ, ಏನಾಯ್ತು ಈಗ ಅನ್ನಬಹುದು. ಟಿಡಿಎಸ್ ಬಡ್ಡಿಯ ಲೆಕ್ಕ ಗೊತ್ತಿಲ್ಲದವರು ಹಾಗೆ ಅನ್ನುತ್ತಾರೆ. ಹಿಡಿದ ಹಣ ತಡವಾಗಿ ಕಟ್ಟಿದರೆ ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ. ತಿಂಗಳ ಒಂದು ಭಾಗವನ್ನೂ ಇಡೀ ತಿಂಗಳು ಅಂತಲೇ ಹಿಡಿಯುತ್ತಾರೆ. ಎಣಿಕೆ ಶುರುವಾಗುವುದು 7ರಿಂದ ಅಲ್ಲ, ಹಿಡಿದ ದಿನದಿಂದ. ಜೂನ್ 10ರಂದು ಒಬ್ಬ ಕಂಟ್ರಾಕ್ಟರ್ ಬಿಲ್ಲಿನಲ್ಲಿ 5,000 ಹಿಡಿದು ಜುಲೈ 8ಕ್ಕೆ ಕಟ್ಟಿದರೆ ಜೂನ್ ಒಂದು, ಜುಲೈ ಒಂದು, ಎರಡು ತಿಂಗಳ ಬಡ್ಡಿ. ಮೂರು ಪರ್ಸೆಂಟ್, ಅಂದರೆ 150 ರೂಪಾಯಿ. ಹಣ ಸಣ್ಣದು. ಆದರೆ ಅದನ್ನು ಆಗಲೇ ಕಟ್ಟದಿದ್ದರೆ ಕ್ವಾರ್ಟರ್ ರಿಟರ್ನ್ ಹಾಕಿದ ಮೇಲೆ ಡಿಫಾಲ್ಟ್ ಅಂತ ನೋಟಿಸ್ ಬರುತ್ತದೆ. ಚಲನ್ ಮತ್ತೆ ಕಟ್ಟಿ, ರಿಟರ್ನ್ ತಿದ್ದಿ ಹಾಕಬೇಕು. ಅರ್ಧ ದಿನದ ಕೆಲಸ. ಯಾವ ಬಿಲ್ಲು, ಯಾವ ದಿನ ಅಂತ ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಹಾಗಾಗಿ ಪ್ರತಿ ಕಡೆಯ ದಿನಾಂಕದ ಪಕ್ಕ ಇನ್ನೊಂದು ತಾರೀಖು ಬರೆದೆ. ಅದು ನಮ್ಮ ಆಫೀಸಿನ ತಾರೀಖು. ಅದರ ಮುಂದೆ ಕಾರಣವನ್ನೂ ಬರೆದೆ. ಈ ಕಾರಣ ಮುಖ್ಯ. ನಾಳೆ ಪಾರ್ಟ್‌ನರ್ ಹೊಸೂರಿಗೆ ಹೋಗೋದು ನಿಲ್ಲಿಸಿದರೆ 5 ಅನ್ನೋದು 6 ಆಗಬಹುದು. ಕಾರಣ ಗೊತ್ತಿದ್ದವರು ಮಾತ್ರ ಧೈರ್ಯವಾಗಿ ಬದಲಾಯಿಸುತ್ತಾರೆ. ಗೊತ್ತಿಲ್ಲದವರು ಒಂದೋ ಕಣ್ಣು ಮುಚ್ಚಿ ಹಾಗೇ ಮಾಡುತ್ತಾರೆ, ಇಲ್ಲವೇ ಇದೆಲ್ಲಾ ಯಾಕೆ ಅಂತ ಬಿಟ್ಟುಬಿಡುತ್ತಾರೆ.

ಇನ್ನು ಪೆಂಡಿಂಗ್ ಕೆಲಸ. ನೋಟ್ಸಿನಲ್ಲಿ ಅತಿ ಕೆಟ್ಟದಾಗಿ ಬರೆಯುವ ಭಾಗ ಇದೇ. 'ಟೂಲ್ಸ್ ಅಂಗಡಿಯ ಜಿಎಸ್‌ಟಿ ಫಾಲೋಅಪ್ ಮಾಡಬೇಕು' ಅಂತ ಒಂದು ಸಾಲು ಇರುತ್ತದೆ. ಇದನ್ನು ಓದಿ ಯಾರು ಏನು ಮಾಡಬೇಕು? ನಮ್ಮಲ್ಲಿ ಇಂಥದ್ದೇ ಒಂದು ಇತ್ತು. ಅದನ್ನು ಬಿಡಿಸಿ ಹೇಳುತ್ತೇನೆ.

ಕಟಿಂಗ್ ಟೂಲ್ಸ್ ಮಾರುವ ಒಂದು ಸಣ್ಣ ಅಂಗಡಿ. ಮೇ 6ರ ಬಿಲ್ಲು, 50,000 ಮಾಲು, 9,000 ಜಿಎಸ್‌ಟಿ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ. ನಮಗೆ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಅಲ್ಲಿ ಕಾಣುತ್ತವೆ. ಅಲ್ಲಿ ಕಂಡರೆ ಮಾತ್ರ ಆ ತೆರಿಗೆಯನ್ನು ನಮ್ಮ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು. ಹೊಸಬರು ಜೂನ್ 14ರ 2ಬಿ ಇಳಿಸಿಕೊಂಡು ಪರ್ಚೇಸ್ ರಿಜಿಸ್ಟರ್ ಜೊತೆ ಹೋಲಿಸಿದರೆ ಈ 9,000 ಅಲ್ಲಿ ಇರುವುದಿಲ್ಲ. ಅಂಗಡಿಯವರು ಮೋಸ ಮಾಡಿದರು ಅಂತ ಫೋನ್ ಮಾಡಿ ಜಗಳ ಆಡುತ್ತಾರೆ. ಅಥವಾ ಬಿಲ್ಲು ಕೈಯಲ್ಲಿದೆಯಲ್ಲ ಅಂತ ಕ್ರೆಡಿಟ್ ತೆಗೆದುಕೊಂಡುಬಿಡುತ್ತಾರೆ. ಎರಡೂ ತಪ್ಪು.

ಆ ಅಂಗಡಿಯವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ವರ್ಷಕ್ಕೆ ಐದು ಕೋಟಿವರೆಗೆ ವಹಿವಾಟು ಇರುವವರಿಗೆ ಆ ಅವಕಾಶ ಇದೆ. ಏಪ್ರಿಲ್, ಮೇ, ಜೂನ್ ಮೂರೂ ಸೇರಿ ಅವರ ಜಿಎಸ್‌ಟಿಆರ್-1 ಜುಲೈ 13ಕ್ಕೆ. ಹಾಗಾಗಿ ಮೇ ತಿಂಗಳ ಬಿಲ್ಲು ನಮಗೆ ಕಾಣುವುದು ಜುಲೈ 14ರ 2ಬಿಯಲ್ಲಿ. ಅವರು ಇಷ್ಟಪಟ್ಟರೆ ಮೊದಲ ಎರಡು ತಿಂಗಳುಗಳಲ್ಲೂ ಐಎಫ್‌ಎಫ್ ಅನ್ನುವ ಸೌಲಭ್ಯದಲ್ಲಿ ಬಿಲ್ಲುಗಳನ್ನು ಏರಿಸಬಹುದು. ಈ ಅಂಗಡಿಯವರು ಏರಿಸುವುದಿಲ್ಲ. ಅದಕ್ಕೇ ಅವರ ಜೊತೆ ಬಾಯಿಮಾತಿನ ಒಂದು ಒಪ್ಪಂದ ಇತ್ತು: ಮಾಲಿನ ಹಣ ಮೂವತ್ತು ದಿನಕ್ಕೆ, ತೆರಿಗೆಯ ಹಣ 2ಬಿಯಲ್ಲಿ ಕಂಡ ಮೇಲೆ. ಇದು ಎಲ್ಲೂ ಬರವಣಿಗೆಯಲ್ಲಿ ಇರಲಿಲ್ಲ. ಲೆಡ್ಜರ್ ನೋಡಿದರೆ ಬರೀ 9,000 ಬಾಕಿ ಅಂತ ಕಾಣುತ್ತಿತ್ತು. ನೋಟ್ಸಿನಲ್ಲಿ ಹೀಗೆ ಬರೆದೆ:

> ಮೇ 6ರ ಬಿಲ್ಲು. 50,000 ಕೊಟ್ಟಾಗಿದೆ. 9,000 ಬೇಕಂತಲೇ ಹಿಡಿದಿಟ್ಟಿದೆ, ಅವರಿಗೂ ಗೊತ್ತು. ಜುಲೈ 14ರ 2ಬಿಯಲ್ಲಿ ನೋಡಿ. ಬಂದಿದ್ದರೆ ಅದೇ ವಾರ ಕೊಡಿ, ಕ್ರೆಡಿಟ್ ಜುಲೈ 20ರ 3ಬಿಯಲ್ಲಿ ತೆಗೆದುಕೊಳ್ಳಿ. ಬರದಿದ್ದರೆ ಮೊದಲು ಪೋರ್ಟಲ್‌ನಲ್ಲಿ ಅವರ ಜಿಎಸ್‌ಟಿಐಎನ್ ಹಾಕಿ ರಿಟರ್ನ್ ಫೈಲ್ ಆಗಿದೆಯಾ ನೋಡಿ, ಆಮೇಲೆ ಫೋನ್ ಮಾಡಿ.

ಇದೇ ಪದ್ಧತಿಯನ್ನು ಎಲ್ಲರಿಗೂ ಹಾಕಬಾರದು ಅಂತ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಇದು ಮಾಲು ತಂದು ಮಾರುವ ಅಂಗಡಿ. ತಾನೇ ತಯಾರಿಸುವ ಸಣ್ಣ ಉದ್ದಿಮೆ, ಉದ್ಯಮ್ ನೋಂದಣಿ ಇರುವಂಥದ್ದು ಆದರೆ ಹಣವನ್ನು ಹೀಗೆ ಹಿಡಿದಿಡುವ ಹಾಗಿಲ್ಲ. ಬರವಣಿಗೆಯ ಒಪ್ಪಂದ ಇದ್ದರೂ 45 ದಿನ ದಾಟಬಾರದು, ಇಲ್ಲದಿದ್ದರೆ 15 ದಿನ. ದಾಟಿ ವರ್ಷ ಮುಗಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕಕ್ಕೆ ಸಿಗುವುದಿಲ್ಲ.

ಒಂದು ಪೆಂಡಿಂಗ್ ಕೆಲಸಕ್ಕೆ ಇಷ್ಟುದ್ದ ಬರೆಯಬೇಕಾ ಅಂತ ಕೇಳಬಹುದು. ಎಲ್ಲದಕ್ಕೂ ಬೇಡ. ಯಾವ ಬಾಕಿಯ ಹಿಂದೆ ಯಾರ ಜೊತೆಗೋ ಆಡಿದ ಮಾತು ಇದೆಯೋ ಅದಕ್ಕೆ ಬೇಕೇ ಬೇಕು. ನಾನು ಹೋದ ಮೇಲೆ ಆ ಮಾತಿಗೆ ಸಾಕ್ಷಿ ಎದುರು ಪಾರ್ಟಿಯವರೊಬ್ಬರೇ.

ಇಂಥದ್ದೇ ಇನ್ನೊಂದು ನಮ್ಮ ಪ್ಲೇಟಿಂಗ್ ಮಾಲು. ಪೀಸುಗಳನ್ನು ಮಾಡಿ ಪ್ಲೇಟಿಂಗಿಗೆ ಹೊರಗೆ ಕಳಿಸುತ್ತಿದ್ದೆವು. ಬಿಲ್ಲು ಇಲ್ಲ, ಡೆಲಿವರಿ ಚಲನ್ ಮೇಲೆ ಹೋಗುತ್ತದೆ. ಹೀಗೆ ಜಾಬ್ ವರ್ಕಿಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟ ಆಗಬೇಕು. ಆಗದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಅಂತ ಕಾನೂನು ಹಿಡಿಯುತ್ತದೆ. ಅಂದಿನಿಂದ ಬಡ್ಡಿ ಸೇರಿಸಿ ತೆರಿಗೆ ಕಟ್ಟಬೇಕು. ನಾನು ಬಿಡುವ ಹೊತ್ತಿಗೆ ನವೆಂಬರ್ 14ರ ಚಲನ್ ಒಂದು ಇನ್ನೂ ತೆರೆದೇ ಇತ್ತು. 500 ಪೀಸ್ ಹೋಗಿತ್ತು, 470 ಬಂದಿತ್ತು. ಸಿಸ್ಟಂನಲ್ಲಿ 30 ಬಾಕಿ ಅಂತ ಅಷ್ಟೇ ಕಾಣುತ್ತದೆ. ಆದರೆ ಆ ಮೂವತ್ತು ಒಂದೇ ಕಥೆ ಅಲ್ಲ. 12 ಪೀಸ್ ಪದರ ಎದ್ದು ಬಂದು ರಿಜೆಕ್ಟ್ ಆಗಿ, ಮತ್ತೆ ಪ್ಲೇಟಿಂಗ್ ಮಾಡಲು ಅಲ್ಲೇ ಉಳಿದಿದ್ದವು. ಉಳಿದ 18 ನಮ್ಮ ಹತ್ತಿರವೇ ಬಂದಿವೆ, ಬೇರೆ ಲಾಟಿನ ಚಲನ್ನಿನಲ್ಲಿ ಸೇರಿಹೋಗಿವೆ ಅಂತ ಸ್ಟೋರ್ಸ್‌ನವರು ಹೇಳುತ್ತಿದ್ದರು. ಎಣಿಸಿ ನೋಡಿದ್ದು ಇನ್ನೂ ಆಗಿರಲಿಲ್ಲ.

ನೋಟ್ಸಿನಲ್ಲಿ ಇವೆರಡನ್ನೂ ಬೇರೆ ಬೇರೆ ಬರೆದೆ. 12ಕ್ಕೆ ಪ್ಲೇಟಿಂಗಿನವರನ್ನು ಕೇಳಬೇಕು. 18ಕ್ಕೆ ನಮ್ಮ ಸ್ಟೋರ್ಸಿನಲ್ಲಿ ಕೂತು ಎಣಿಸಬೇಕು. ಎರಡಕ್ಕೂ ಗಡಿ ಮುಂದಿನ ನವೆಂಬರ್ 13, ಆದರೆ ಆಗಸ್ಟ್ ದಾಟಿಸಬೇಡಿ, ದಸರಾ ಹೊತ್ತಿಗೆ ಅವರ ಕಡೆ ಕೆಲಸಗಾರರು ಊರಿಗೆ ಹೋಗುತ್ತಾರೆ ಅಂತ ಸೇರಿಸಿದೆ. ಇದರ ಜೊತೆ ಒಂದು ಪದ್ಧತಿಯನ್ನೂ ಪಾಲಿಸಿದೆ. ನನಗೆ ಗೊತ್ತಿರುವುದು ಯಾವುದು, ಯಾರೋ ಹೇಳಿದ್ದು ಯಾವುದು ಅಂತ ಬೇರೆ ಮಾಡಿ ಬರೆಯುವುದು. 'ಸ್ಟೋರ್ಸ್‌ನವರ ಪ್ರಕಾರ, ನಾನು ನೋಡಿಲ್ಲ' ಅಂತ ಸ್ಪಷ್ಟವಾಗಿ ಹಾಕಿದೆ. ಹಾಗೆ ಹಾಕದಿದ್ದರೆ ಹೊಸಬರು ಅದನ್ನು ಸತ್ಯ ಅಂತ ನಂಬಿ ಆಡಿಟರ್‌ಗೂ ಅದನ್ನೇ ಹೇಳುತ್ತಾರೆ.

ಫೋನ್ ನಂಬರುಗಳ ಪಟ್ಟಿಯ ವಿಷಯಕ್ಕೆ ಬಂದರೆ, ಹೆಸರು ಮತ್ತು ನಂಬರು ಸಾಲದು. ಈ ವ್ಯಕ್ತಿ ಏನು ಮಾಡಿಕೊಡಬಲ್ಲರು, ಯಾವಾಗ ಫೋನ್ ಮಾಡಿದರೆ ಸಿಗುತ್ತಾರೆ, ಮಾಡುವಾಗ ಕೈಯಲ್ಲಿ ಏನಿರಬೇಕು, ಈ ಮೂರನ್ನು ಬರೆಯಬೇಕು. ನಮ್ಮ ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಅವರ ನಂಬರು ಬರೆದರೆ ಆರು ತಿಂಗಳಿಗೆ ಹಳತಾಗುತ್ತದೆ. ಹಾಗಾಗಿ ಅಲ್ಲಿ ಕಾಯಂ ಇರುವ ಸೀನಿಯರ್ ಹೆಸರು ಬರೆದೆ. ಸೆಪ್ಟೆಂಬರ್‌ನಲ್ಲಿ ಅವರಿಗೆ ಟ್ಯಾಕ್ಸ್ ಆಡಿಟ್ ಕೆಲಸ ತಲೆ ಮೇಲಿರುತ್ತದೆ, ಬೇಕಾದ ಸರ್ಟಿಫಿಕೇಟ್ ಇದ್ದರೆ ಆಗಸ್ಟ್‌ನಲ್ಲೇ ಕೇಳಿ ಅಂತ ಸೇರಿಸಿದೆ. ದೊಡ್ಡ ಕಸ್ಟಮರ್ ಒಬ್ಬರ ಬಿಲ್ಲಿಂಗ್ ಸೆಕ್ಷನ್ ಮೇಲ್‌ಗೆ ಉತ್ತರವೇ ಕೊಡುವುದಿಲ್ಲ. ಆದರೆ ಪಿಒ ನಂಬರು, ಗೇಟಿನಲ್ಲಿ ಮಾಲು ಇಳಿದ ಎಂಟ್ರಿ ನಂಬರು ಎರಡೂ ಹಿಡಿದುಕೊಂಡು ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಪೇಮೆಂಟ್ ಎಲ್ಲಿ ನಿಂತಿದೆ ಅಂತ ಹೇಳುತ್ತಾರೆ. ಇದು ಗೊತ್ತಿಲ್ಲದವರು ತಿಂಗಳುಗಟ್ಟಲೆ ಮೇಲ್ ಮಾಡುತ್ತಾ ಕೂರುತ್ತಾರೆ, ಅಲ್ವಾ?

ಜನರ ವಿಷಯದಲ್ಲಿ ಬರೆಯಬಾರದ್ದೂ ಇದೆ. ಒಬ್ಬ ಆಪರೇಟರ್ ಸಂಬಳದ ಮುಂಗಡ ತಗೊಂಡಿದ್ದ. ತಿಂಗಳಿಗೆ 2,000 ಕಡಿತ, ಇನ್ನು ಐದು ತಿಂಗಳು ಬಾಕಿ, ಇಷ್ಟು ಬರೆದೆ. ಯಾಕೆ ತಗೊಂಡ ಅನ್ನೋದು ನನಗೆ ಗೊತ್ತಿತ್ತು, ಬರೆಯಲಿಲ್ಲ. ಅದು ಅವನ ಮನೆಯ ವಿಷಯ. ಕಡಿತ ಸರಿಯಾಗಿ ಮಾಡಲು ಹೊಸಬರಿಗೆ ಅದು ಬೇಕಾಗಿಯೂ ಇಲ್ಲ. ಪಾಸ್‌ವರ್ಡ್‌ಗಳನ್ನೂ ನೋಟ್ಸಿನಲ್ಲಿ ಹಾಕಲಿಲ್ಲ. ಯಾವ್ಯಾವ ಪೋರ್ಟಲ್‌ಗೆ ಲಾಗಿನ್ ಇದೆ, ಯೂಸರ್ ಐಡಿ ಏನು ಅಂತ ಮಾತ್ರ ಬರೆದೆ. ಪಾಸ್‌ವರ್ಡ್‌ಗಳು ಪಾರ್ಟ್‌ನರ್ ಕೈಗೆ ಬೇರೆಯಾಗಿ ಹೋದವು, ನಾನು ಬಿಟ್ಟ ದಿನವೇ ಬದಲಾಯಿಸಿ ಅಂತ ಹೇಳಿಯೇ ಕೊಟ್ಟೆ.

ಪಾಸ್‌ವರ್ಡ್‌ಗಿಂತ ದೊಡ್ಡ ತೊಡಕು ಒಟಿಪಿ. ಸಣ್ಣ ಫರ್ಮುಗಳಲ್ಲಿ ಪೋರ್ಟಲ್ ರಿಜಿಸ್ಟರ್ ಮಾಡುವಾಗ ಎದುರಿಗೆ ಕೂತ ಅಕೌಂಟೆಂಟ್ ಮೊಬೈಲ್ ನಂಬರೇ ಹಾಕಿಬಿಡುತ್ತಾರೆ. ಆ ಕ್ಷಣಕ್ಕೆ ಅದೇ ಸುಲಭ. ಆ ಅಕೌಂಟೆಂಟ್ ಬಿಟ್ಟ ಮೇಲೆ 20ರ ಸಂಜೆ 3ಬಿ ಫೈಲ್ ಮಾಡುವಾಗ ಒಟಿಪಿ ಹಳಬರ ಫೋನಿಗೆ ಹೋಗುತ್ತದೆ. ಅವರು ಹೊಸ ಕೆಲಸದಲ್ಲಿ ಮೀಟಿಂಗಿನಲ್ಲಿರುತ್ತಾರೆ. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಬಡ್ಡಿ. ಇದನ್ನು ನೋಟ್ಸಿನಲ್ಲಿ 'ನಂಬರ್ ಬದಲಾಯಿಸಬೇಕು' ಅಂತ ಪೆಂಡಿಂಗ್ ಹಾಕಿ ಹೋಗೋದು ಸರಿಯಲ್ಲ. ಇದು ಬಿಡುವವರೇ ಮುಗಿಸಿ ಹೋಗಬೇಕಾದ ಕೆಲಸ, ಯಾಕಂದರೆ ಎಷ್ಟೋ ಕಡೆ ಬದಲಾಯಿಸಲೂ ಹಳೇ ಲಾಗಿನ್ ಬೇಕಾಗುತ್ತದೆ.

ನಾನು ಮಾಡಿದ್ದು ಇಷ್ಟು. ಫರ್ಮ್ ಹೆಸರಿನಲ್ಲಿ ಒಂದು ಸಿಮ್ ತೆಗೆಸಿದೆ, ಆಫೀಸಿನ ಒಂದು ಸಾಮಾನ್ಯ ಮೇಲ್ ಐಡಿ ಮಾಡಿಸಿದೆ. ಆಮೇಲೆ ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್, ಇಎಸ್‌ಐ, ಇ-ವೇ ಬಿಲ್, ಬ್ಯಾಂಕ್, ಕರೆಂಟ್ ಬಿಲ್ಲು ಹೀಗೆ ಒಂದೊಂದಕ್ಕೂ ಹೋಗಿ ನನ್ನ ನಂಬರು ಎಲ್ಲೆಲ್ಲಿದೆ ನೋಡಿದೆ. ಇಂಥ ನಂಬರುಗಳನ್ನು ಹುಡುಕಲು ಸುಲಭದ ದಾರಿ ನಿಮ್ಮ ಫೋನಿನ ಹಳೇ ಮೆಸೇಜುಗಳು. ಒಟಿಪಿ ಅಂತ ಸರ್ಚ್ ಮಾಡಿ ಹಿಂದೆ ಹೋಗಿ, ನೀವು ಮರೆತೇಬಿಟ್ಟಿದ್ದ ಪೋರ್ಟಲ್‌ಗಳೂ ಸಿಗುತ್ತವೆ. ಬದಲಾಯಿಸಿದ ಮೇಲೆ ಅದರಿಂದ ಒಂದು ಒಟಿಪಿ ತರಿಸಿ ನೋಡಲೇಬೇಕು. ಡಿಜಿಟಲ್ ಸಿಗ್ನೇಚರ್ ಟೋಕನ್ ಇದ್ದರೆ ಅದು ಯಾರ ಡ್ರಾದಲ್ಲಿದೆ, ಯಾವತ್ತು ಮುಗಿಯುತ್ತದೆ ಅಂತಲೂ ಬರೆಯಿರಿ. ಅದರ ಅವಧಿ ಹೆಚ್ಚೆಂದರೆ ಮೂರು ವರ್ಷ. ಮುಗಿದದ್ದು ಸಾಮಾನ್ಯವಾಗಿ ಗೊತ್ತಾಗುವುದು ಸಹಿ ಹಾಕಬೇಕಾದ ದಿನವೇ.

ನೋಟಿಸುಗಳ ಬಗ್ಗೆಯೂ ಒಂದು ಮಾತು. ಜಿಎಸ್‌ಟಿ ನೋಟಿಸ್ ಈಗ ಪೋಸ್ಟಿನಲ್ಲಿ ಬರುತ್ತದೆ ಅಂತ ಕಾಯುವ ಹಾಗಿಲ್ಲ. ಪೋರ್ಟಲ್‌ನಲ್ಲಿ ಹಾಕುತ್ತಾರೆ. ಅಲ್ಲೂ ಎರಡು ಜಾಗ ಇವೆ: `View Notices and Orders` ಒಂದು, `View Additional Notices/Orders` ಇನ್ನೊಂದು. ಮೊದಲನೆಯದನ್ನು ಮಾತ್ರ ನೋಡಿ ಏನೂ ಇಲ್ಲ ಅಂದುಕೊಂಡವರು ತುಂಬಾ ಜನ. ಎರಡನೆಯದರಲ್ಲಿ ಬಿದ್ದಿದ್ದ ನೋಟಿಸಿನ ಉತ್ತರದ ಗಡುವು ಅಷ್ಟರಲ್ಲಿ ಮುಗಿದಿರುತ್ತದೆ. 'ಸೋಮವಾರ ಬೆಳಿಗ್ಗೆ ಎರಡೂ ಕಡೆ ನೋಡಿ' ಅಂತ ವಾರದ ಕೆಲಸದಲ್ಲಿ ಹಾಕಿದೆ.

ತಿಂಗಳ ಕೆಲಸಗಳನ್ನು ಹೊಸಬರು ಎರಡು ಸುತ್ತಿನಲ್ಲಿ ಕಲಿತುಬಿಡುತ್ತಾರೆ. ವರ್ಷಕ್ಕೊಮ್ಮೆ ಬರುವ ಕೆಲಸಗಳದ್ದೇ ಕಷ್ಟ. ಅವು ಬರುವ ಹೊತ್ತಿಗೆ ಬಿಟ್ಟವರು ಆಫೀಸನ್ನೇ ಮರೆತಿರುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಒಂದೆರಡು ಸಲ ಹೊರದೇಶಕ್ಕೆ ಮಾಲು ಹೋಗುತ್ತಿತ್ತು. ಐಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಬೇಕು. ಅದು ಒಂದು ಹಣಕಾಸು ವರ್ಷಕ್ಕೆ ಮಾತ್ರ, ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸದನ್ನು ಏಪ್ರಿಲ್‌ನ ಮೊದಲ ಎಕ್ಸ್‌ಪೋರ್ಟ್ ಬಿಲ್ಲಿಗೆ ಮುಂಚೆ ಹಾಕಿರಬೇಕು. ಮಾರ್ಚ್ ಕೊನೆಯ ವಾರದ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಇನ್ನೊಂದು ಡಿಸ್ಪ್ಯಾಚ್‌ನಲ್ಲಿರುವ ಎಲೆಕ್ಟ್ರಾನಿಕ್ ತೂಕದ ಯಂತ್ರ. ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಇದು ಯಾವ ಅಕೌಂಟ್ಸ್ ಕ್ಯಾಲೆಂಡರಿನಲ್ಲೂ ಇಲ್ಲ, ಆದರೂ ಸರ್ಟಿಫಿಕೇಟ್ ಫೈಲ್ ಇರುವುದು ನಮ್ಮ ಕಪಾಟಿನಲ್ಲಿ. ಇಂಥವನ್ನೆಲ್ಲ ಹುಡುಕಲು ನಾನು ಹಿಂದಿನ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ತಿಂಗಳು ತಿಂಗಳಾಗಿ ನೋಡಿದೆ. ಯಾವ ಸರ್ಕಾರಿ ಆಫೀಸಿಗೆ, ಯಾವ ಎಎಂಸಿಗೆ ಹಣ ಹೋಗಿದೆಯೋ ಅದರ ಹಿಂದೆ ಒಂದು ಗಡುವು ಇದ್ದೇ ಇರುತ್ತದೆ. ನೆನಪಿನಿಂದ ಬರೆದ ಪಟ್ಟಿಗಿಂತ ಇದು ಎಷ್ಟೋ ವಾಸಿ.

ಬರೆದು ಕೊಟ್ಟರೆ ಮುಗಿಯಲಿಲ್ಲ. ನೋಟಿಸ್ ಪೀರಿಯಡ್‌ನಲ್ಲಿ ಒಂದು ಪೂರ್ತಿ ತಿಂಗಳ ಸುತ್ತನ್ನು ಹೊಸಬರೇ ಮಾಡಬೇಕು, ನೀವು ಪಕ್ಕದಲ್ಲಿ ಕೂತಿರಬೇಕು. ಮೌಸ್ ಅವರ ಕೈಯಲ್ಲಿರಲಿ. ನನ್ನ ಜಾಗಕ್ಕೆ ಬಂದ ಹುಡುಗನಿಗೆ ನೋಟ್ಸಿನ ಪ್ರಿಂಟ್ ಕೊಟ್ಟು, "ನೋಡಪ್ಪಾ, ಇದರಲ್ಲಿರೋದನ್ನ ನೋಡ್ಕೊಂಡೇ ಮಾಡು. ನಾನು ಬಾಯಿ ಬಿಡಲ್ಲ. ಎಲ್ಲಿ ನಿಲ್ಲುತ್ತೆ ಅಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕು" ಅಂದೆ. ಮೊದಲ ಗುರುತು ಮೊದಲ ಪುಟದಲ್ಲೇ ಬಿತ್ತು.

"ಮೇಡಂ, 4ನೇ ತಾರೀಖು ಸಂಜೆ ಹಾಕಿ ಅಂತ ಬರೆದಿದ್ದೀರ. ಎಷ್ಟು ಹಾಕಬೇಕು ಅಂತ ಯಾವ ಲೆಡ್ಜರ್ ನೋಡಲಿ? ಇಲ್ಲಿ ಟಿಡಿಎಸ್ ಅಂತ ಆರು ಲೆಡ್ಜರ್ ಇವೆ."

ನಿಜ. ಸಂಬಳದ್ದು, ಕಂಟ್ರಾಕ್ಟರ್‌ದು, ಪ್ರೊಫೆಷನಲ್ ಫೀಸ್‌ದು, ಬಾಡಿಗೆಯದ್ದು ಬೇರೆ ಬೇರೆ. ಉಳಿದೆರಡು ಹಳೆಯವು, ಈಗ ಬಳಕೆಯಲ್ಲಿಲ್ಲ. ಅವನು ಗುರುತು ಹಾಕಿದ ಜಾಗದಲ್ಲೇ ಯಾವ ನಾಲ್ಕು ಅಂತ ಬರೆದೆವು. ಹಳೆಯ ಎರಡರ ಬಾಕಿ ಸೊನ್ನೆ ಇದೆಯಾ ನೋಡಿ, ಅವನ್ನು ಮುಚ್ಚಿದೆವು. ಆ ತಿಂಗಳ ಟಿಡಿಎಸ್ ಅವನೇ ಹಾಕಿದ, 5ರ ಬೆಳಿಗ್ಗೆ ಪಾರ್ಟ್‌ನರ್‌ಗೆ ಅವನೇ ಫೋನ್ ಮಾಡಿದ. ಅವನು ಕೇಳಿದ ಪ್ರಶ್ನೆಗಳೆಲ್ಲ ಸೇರಿ ನೋಟ್ಸ್ ಮೊದಲಿಗಿಂತ ಎರಡು ಪುಟ ಜಾಸ್ತಿ ಆಯಿತು. ಆಮೇಲೆ ಅದರ ಫೈಲನ್ನು ಅವನ ಹೆಸರಿಗೆ ಬದಲಾಯಿಸಿ ಕೊಟ್ಟೆ, ಇನ್ನು ಮುಂದೆ ತಿದ್ದುವವನು ಅವನೇ.